ತಿಳಿಯಾಗಿ ಬಂದ ನೀರು ಕೆಂಪಾಗುವುದೇಕೆ? ಬೋರ್‌ವೆಲ್ ನೀರಿನ ಕಬ್ಬಿಣವನ್ನು ಮನೆಯಲ್ಲೇ ತೆಗೆಯುವ ಬಗೆ

ಪ್ರಶ್ನೆ: ನಮ್ಮದು ಕಾರ್ಕಳ ತಾಲ್ಲೂಕಿನ ಹಳ್ಳಿ. ಐದು ಜನರ ಮನೆ. ತೆರೆದ ಬಾವಿ ಮಾರ್ಚ್ ಹೊತ್ತಿಗೆ ಬತ್ತುತ್ತದೆಂದು 310 ಅಡಿ ಬೋರ್‌ವೆಲ್ ಕೊರೆಸಿದೆವು. ನೀರು ಬರುವಾಗ ತಿಳಿಯಾಗಿರುತ್ತದೆ, ಗಂಟೆಯೊಳಗೆ ಹಳದಿಯಾಗುತ್ತದೆ, ಬೆಳಿಗ್ಗೆ ತಳದಲ್ಲಿ ಕೆಂಪು ಮಡ್ಡಿ. ಚಹಾ ಕಪ್ಪಗಾಗುತ್ತದೆ. ಒಂದು ವರದಿಯಲ್ಲಿ ಕಬ್ಬಿಣ ಲೀಟರಿಗೆ 0.4 ಮಿಲಿಗ್ರಾಂ ಎಂದಿತ್ತು, ಇನ್ನೊಂದರಲ್ಲಿ 6.1. ಪಿಎಚ್ 6.2, ಕ್ಷಾರೀಯತೆ 74, ಮ್ಯಾಂಗನೀಸ್ 0.08. ತಾರಸಿಯ ಟ್ಯಾಂಕಿನೊಳಗೆ ಶವರ್ ಹಾಕಿಸಿದೆವು, ಪಟಿಕವನ್ನೂ ಹಾಕಿ ನೋಡಿದೆವು, ಗುಣ ಕಾಣಲಿಲ್ಲ. ಅಂಗಡಿಯವರು ಆರ್‌ಒ ಹಾಕಿಸಿ ಎನ್ನುತ್ತಾರೆ. ಅತ್ತೆಯವರು ಕಬ್ಬಿಣದ ನೀರು ರಕ್ತಕ್ಕೆ ಒಳ್ಳೆಯದು ಎನ್ನುತ್ತಾರೆ. ಮೂರು ವರ್ಷದ ಮಗಳಿದ್ದಾಳೆ. ಕುಡಿಯಲು ಈ ನೀರನ್ನು ಸರಿಪಡಿಸಬಹುದೇ?

ಉತ್ತರ: ಸರಿಪಡಿಸಬಹುದು. ನಿಮ್ಮ ವರದಿಯ ಅಂಕಿಗಳನ್ನು ನೋಡಿದರೆ, ದುಬಾರಿ ಯಂತ್ರವಿಲ್ಲದೆ, ಗಾಳಿ, ಸಮಯ ಮತ್ತು ಮರಳಿನಿಂದಲೇ ಈ ಕೆಲಸ ಆಗಬೇಕು. ಆದರೆ ಈ ಮೂರನ್ನೂ ಸರಿಯಾದ ಕ್ರಮದಲ್ಲಿ ಒದಗಿಸಬೇಕು. ನಿಮ್ಮ ಶವರ್ ಸೋತದ್ದು ಗಾಳಿಯ ವಿಧಾನ ತಪ್ಪಾದುದರಿಂದಲ್ಲ, ಅದನ್ನು ಮುಚ್ಚಿದ ಟ್ಯಾಂಕಿನೊಳಗೆ ಕೂರಿಸಿದ್ದರಿಂದ.

ಮೊದಲು ಎರಡು ವರದಿಗಳ ವಿಷಯ. ನಾನು 6.1 ಎಂಬುದನ್ನೇ ನಂಬುತ್ತೇನೆ. ಕಬ್ಬಿಣದ ಪರೀಕ್ಷೆಗೆ ಕೊಡುವ ನೀರಿಗೆ ಸೀಸೆ ತುಂಬಿದ ಕೂಡಲೇ ಕೆಲವು ಹನಿ ನೈಟ್ರಿಕ್ ಆಮ್ಲ ಹಾಕಬೇಕು. ಹಾಕದಿದ್ದರೆ ಪ್ರಯೋಗಾಲಯ ತಲುಪುವಷ್ಟರಲ್ಲಿ ಕಬ್ಬಿಣ ತುಕ್ಕಾಗಿ ಸೀಸೆಯ ತಳಕ್ಕೂ ಗೋಡೆಗೂ ಅಂಟಿಕೊಳ್ಳುತ್ತದೆ, ಮೇಲಿನ ತಿಳಿನೀರಿನಲ್ಲಿ ಉಳಿದ ಅಲ್ಪಸ್ವಲ್ಪ ಮಾತ್ರ ಅಳತೆಗೆ ಸಿಗುತ್ತದೆ. ವೃತ್ತಿಯ ಆರಂಭದ ವರ್ಷಗಳಲ್ಲಿ ನಾನೇ ಹೀಗೆ ಆಮ್ಲ ಹಾಕದ ಸೀಸೆಯ ವರದಿಯನ್ನು ನಂಬಿ, ಒಂದು ಮನೆಯವರಿಗೆ ‘ನಿಮ್ಮ ನೀರಿನಲ್ಲಿ ದೋಷವಿಲ್ಲ’ ಎಂದು ಹೇಳಿ ಬಂದಿದ್ದೆ. ಅವರ ಪಾತ್ರೆಗಳು ಕೆಂಪಗಾಗುವುದು ನಿಲ್ಲಲಿಲ್ಲ. ಆದ್ದರಿಂದ ಮುಂದೆ ನೀರು ಕೊಡುವಾಗ ಆಮ್ಲ ಹಾಕಿದ ಸೀಸೆಯನ್ನು ಪ್ರಯೋಗಾಲಯದಿಂದಲೇ ಕೇಳಿ ಪಡೆಯಿರಿ. ಪಿಎಚ್ ಮತ್ತು ಕ್ಷಾರೀಯತೆಗೆ ಮಾತ್ರ ಆಮ್ಲವಿಲ್ಲದ ಬೇರೆ ಸೀಸೆ ಬೇಕು. ಪಿಎಚ್ ಅನ್ನು ಸಾಧ್ಯವಾದರೆ ಬೋರ್‌ವೆಲ್ ಬಳಿಯೇ ಅಳೆಯುವುದು ಮೇಲು, ಏಕೆಂದರೆ ಸೀಸೆಯಲ್ಲಿ ಕುಳಿತ ನೀರಿನ ಪಿಎಚ್ ಬದಲಾಗುತ್ತದೆ.

ಮಗುವಿನ ಬಗ್ಗೆ ನಿಮಗಿರುವ ಆತಂಕಕ್ಕೆ ನೇರವಾಗಿ ಉತ್ತರಿಸುತ್ತೇನೆ. ಕಬ್ಬಿಣ ಆರ್ಸೆನಿಕ್‌ನಂತೆ ವಿಷವಲ್ಲ, ಇಷ್ಟು ದಿನ ಈ ನೀರು ಕುಡಿದದ್ದಕ್ಕೆ ಗಾಬರಿಪಡಬೇಕಾಗಿಲ್ಲ. ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿಯಲ್ಲಿ ಕಬ್ಬಿಣದ ಮಿತಿ ಲೀಟರಿಗೆ 0.3 ಮಿಲಿಗ್ರಾಂ ಇತ್ತು, ಆಮೇಲಿನ ತಿದ್ದುಪಡಿಯಲ್ಲಿ ಅದು 1.0 ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಕಬ್ಬಿಣಕ್ಕೆ ಆರೋಗ್ಯದ ಆಧಾರದ ಮಿತಿಯನ್ನು ನಿಗದಿ ಮಾಡಿಲ್ಲ, ಆದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂವರೆಗೆ ಅಪಾಯವಿಲ್ಲ ಎಂದು ಲೆಕ್ಕ ಹಾಕಿದೆ. ನಿಮ್ಮ ನೀರಿನಲ್ಲಿ ಅದರ ಮೂರು ಪಟ್ಟು ಇದೆ. ಅತ್ತೆಯವರ ಮಾತು ಒಳ್ಳೆಯ ಮನಸ್ಸಿನಿಂದ ಬಂದದ್ದು, ಆದರೆ ನೀರಿನ ಕಬ್ಬಿಣದಲ್ಲಿ ದೇಹಕ್ಕೆ ಎಷ್ಟು ಸೇರುತ್ತದೆ ಎಂದು ಯಾರೂ ಅಳೆದು ಕೊಡಲಾಗದು. ತುಕ್ಕಾದ ಕಬ್ಬಿಣವಂತೂ ಬಹಳ ಕಡಿಮೆ ಹೀರಲ್ಪಡುತ್ತದೆ. ಮಗುವಿಗೆ ರಕ್ತಹೀನತೆ ಇದ್ದರೆ ರಕ್ತಪರೀಕ್ಷೆ ಮಾಡಿಸಿ ವೈದ್ಯರು ಕೊಡುವ ಔಷಧಿಯೇ ಸರಿ. ಮನೆಯಲ್ಲಿ ಯಾರಿಗಾದರೂ ಥಲಸ್ಸೇಮಿಯಾ ಇದ್ದರೆ ಅಥವಾ ದೇಹದಲ್ಲಿ ಕಬ್ಬಿಣ ಶೇಖರವಾಗುವ ಕಾಯಿಲೆ ಇದ್ದರೆ, ಈ ನೀರನ್ನು ಅವರಿಗೆ ಇಂದಿನಿಂದಲೇ ಕೊಡಬೇಡಿ. ಕರೆಯೂ ಕಹಿಯೂ 0.3ಕ್ಕಿಂತ ಮೇಲೆ ಆರಂಭವಾಗುವುದರಿಂದ, ಮಾನಕ 1.0 ಎಂದರೂ ನಾವು 0.3ರ ಗುರಿ ಇಟ್ಟುಕೊಳ್ಳೋಣ.

ಇನ್ನು ನೀರು ಕೆಂಪಾಗುವ ಕಾರಣ. ನಿಮ್ಮ ಕಡೆಯ ಮುರಕಲ್ಲಿನಲ್ಲಿ ಕಬ್ಬಿಣ ಹೇರಳವಾಗಿದೆ, ಆ ಕಲ್ಲಿನ ಕೆಂಪು ಬಣ್ಣವೇ ಅದರದು. ಆದರೆ ಗಾಳಿ ಕಂಡ ಕಬ್ಬಿಣ ನೀರಿನಲ್ಲಿ ಕರಗುವುದಿಲ್ಲ, ಅದಕ್ಕಾಗಿಯೇ ನಿಮ್ಮ ತೆರೆದ ಬಾವಿಯ ನೀರು ಕೆಂಪಲ್ಲ. ಆಳದಲ್ಲಿ ಆಮ್ಲಜನಕ ಮುಗಿದಿರುವ ಕಡೆ ಮಾತ್ರ ಕಬ್ಬಿಣ ಕರಗುವ ರೂಪಕ್ಕೆ ಇಳಿಯುತ್ತದೆ. ಆ ರೂಪಕ್ಕೆ ಬಣ್ಣವಿಲ್ಲ, ಆದ್ದರಿಂದ ಪಂಪಿನಿಂದ ಬಂದ ನೀರು ತಿಳಿಯಾಗಿ ಕಾಣುತ್ತದೆ. ಗಾಳಿ ತಾಗಿದ ಮೇಲೆ ಅದು ಮತ್ತೆ ಕರಗದ ರೂಪಕ್ಕೆ ತಿರುಗಿ, ಮೊದಲು ಹಳದಿ ಮಬ್ಬಾಗಿ, ಆಮೇಲೆ ಕೆಂಪು ಮಡ್ಡಿಯಾಗಿ ಕೂರುತ್ತದೆ. ಚಹಾ ಕಪ್ಪಾಗುವುದು ಚಹಾದ ಒಗರು ಕಬ್ಬಿಣದೊಡನೆ ಕೂಡಿದಾಗ. ಹಿಂದಿನವರು ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದುದು ಇದೇ ಗುಣದಿಂದ. ಈ ಚಹಾವನ್ನು ಮುಂದೆ ನಾವು ಪರೀಕ್ಷೆಗೂ ಬಳಸಿಕೊಳ್ಳಬಹುದು.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ನೀರಿಗೆ ಆಮ್ಲಜನಕ ಸಾಲುತ್ತಿಲ್ಲ, ಇನ್ನಷ್ಟು ಗಾಳಿ ಊದಬೇಕು ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಒಂದು ಮಿಲಿಗ್ರಾಂ ಆಮ್ಲಜನಕ ಏಳು ಮಿಲಿಗ್ರಾಂ ಕಬ್ಬಿಣಕ್ಕೆ ಸಾಕು. ನಮ್ಮ ಹವೆಯಲ್ಲಿ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, ಅಂದರೆ ನಿಮ್ಮ 6.1 ಮಿಲಿಗ್ರಾಂ ಕಬ್ಬಿಣಕ್ಕೆ ಬೇಕಾದುದರ ಎಂಟೊಂಬತ್ತು ಪಟ್ಟು. ಅದು ನಿಮ್ಮ ಶವರಿನಲ್ಲಿಯೂ ಸೇರಿಕೊಂಡಿರುತ್ತದೆ. ಕೊರತೆ ಇರುವುದು ವೇಗಕ್ಕೆ, ಮತ್ತು ವೇಗವನ್ನು ನಿರ್ಧರಿಸುವುದು ಪಿಎಚ್, ಅಂದರೆ ನೀರಿನ ಹುಳಿಯ ಅಳತೆ. ಅಂಕ ಇಳಿದಷ್ಟೂ ಹುಳಿ ಹೆಚ್ಚು. ಪಿಎಚ್ ಒಂದು ಅಂಕ ಏರಿದರೆ ಕಬ್ಬಿಣ ತುಕ್ಕಾಗುವ ವೇಗ ನೂರು ಪಟ್ಟು ಹೆಚ್ಚುತ್ತದೆ. 7ರಲ್ಲಿ ಹತ್ತು ನಿಮಿಷ ಹಿಡಿಯುವ ಕೆಲಸ 6ರಲ್ಲಿ ಸಾವಿರ ನಿಮಿಷ, ಅಂದರೆ ಹದಿನಾರು ಗಂಟೆಗೂ ಹೆಚ್ಚು ಹಿಡಿಯುತ್ತದೆ.

ನಿಮ್ಮ ನೀರಿನ ಪಿಎಚ್ 6.2ಕ್ಕೆ ಇಳಿದಿರುವುದಕ್ಕೆ ಮುಖ್ಯ ಕಾರಣ ಅದರಲ್ಲಿ ಕರಗಿರುವ ಇಂಗಾಲದ ಡೈ ಆಕ್ಸೈಡ್. ಸೋಡಾ ಬಾಟಲಿಯಲ್ಲಿರುವ ಅನಿಲವೇ ಅದು. ಕ್ಷಾರೀಯತೆ, ಅಂದರೆ ಆಮ್ಲವನ್ನು ತಾಳಿಕೊಳ್ಳುವ ನೀರಿನ ಶಕ್ತಿ, 74 ಮತ್ತು ಪಿಎಚ್ 6.2 ಎಂದರೆ ಲೀಟರಿಗೆ ಸುಮಾರು 90 ಮಿಲಿಗ್ರಾಂ ಅನಿಲ ಇದೆ ಎಂದು ಲೆಕ್ಕ ಬರುತ್ತದೆ. ಇದರ ಮುಕ್ಕಾಲು ಪಾಲನ್ನು ಹೊರಗೆ ಕಳುಹಿಸಿದರೆ ಪಿಎಚ್ 6.8ರ ಆಸುಪಾಸಿಗೆ ತಾನಾಗಿಯೇ ಏರುತ್ತದೆ, ಕಬ್ಬಿಣ ತುಕ್ಕಾಗುವ ವೇಗ ಹದಿನೈದು ಹದಿನಾರು ಪಟ್ಟು ಹೆಚ್ಚುತ್ತದೆ. ಹೀಗಾಗಿ ನಿಮ್ಮಂಥ ನೀರಿಗೆ ಗಾಳಿಯಾಡಿಸುವುದರ ಹೆಚ್ಚಿನ ಲಾಭ ಆಮ್ಲಜನಕ ಒಳಬರುವುದರಲ್ಲಿಲ್ಲ, ಈ ಅನಿಲ ಹೊರಹೋಗುವುದರಲ್ಲಿದೆ. ಮುಚ್ಚಳ ಹಾಕಿದ ಟ್ಯಾಂಕಿನೊಳಗೆ ಶವರ್ ಸುರಿದರೆ ಅನಿಲ ನೀರಿನಿಂದೇನೋ ಹೊರಬರುತ್ತದೆ, ಆದರೆ ಟ್ಯಾಂಕಿನೊಳಗಿನ ಗಾಳಿಯಲ್ಲೇ ತುಂಬಿಕೊಂಡು ಸ್ವಲ್ಪ ಹೊತ್ತಿನಲ್ಲಿ ಹೊರಬರುವುದೂ ನಿಲ್ಲುತ್ತದೆ. ಇದರ ಮೇಲೆ, ತಾರಸಿಯ ಟ್ಯಾಂಕು ಒಂದು ಕಡೆ ತುಂಬುತ್ತಿರುವಾಗಲೇ ಇನ್ನೊಂದು ಕಡೆ ಖಾಲಿಯಾಗುತ್ತಿರುತ್ತದೆ, ನೀರಿಗೆ ನಿಲ್ಲಲು ಪುರುಸೊತ್ತಿಲ್ಲ. ಹೊರಹರಿವಿನ ಪೈಪು ತಳಕ್ಕೆ ಹತ್ತಿರವಿರುವುದರಿಂದ ಕೂತ ಮಡ್ಡಿಯೂ ಎದ್ದು ನಲ್ಲಿಗೆ ಬರುತ್ತದೆ.

ಪಟಿಕ ಸೋತದ್ದೂ ಇದೇ ಕಾರಣಕ್ಕೆ. ಪಟಿಕ ಮಳೆಗಾಲದ ಕೆನ್ನೀರನ್ನು ತಿಳಿಯಾಗಿಸುತ್ತದೆ, ಏಕೆಂದರೆ ಅಲ್ಲಿ ಮಣ್ಣಿನ ಕಣಗಳು ಆಗಲೇ ತೇಲುತ್ತಿರುತ್ತವೆ. ಕರಗಿದ ಕಬ್ಬಿಣಕ್ಕೆ ಇನ್ನೂ ಕಣದ ರೂಪವೇ ಬಂದಿಲ್ಲ. ಮೇಲಾಗಿ ಪಟಿಕ ನೀರಿನ ಪಿಎಚ್ ಅನ್ನು ಇಳಿಸುತ್ತದೆ, ಅಂದರೆ ನಾವು ವೇಗಗೊಳಿಸಬೇಕಾದ ಕೆಲಸವನ್ನು ಅದು ನಿಧಾನಗೊಳಿಸುತ್ತದೆ. ದಯವಿಟ್ಟು ಅದನ್ನು ಬಿಟ್ಟುಬಿಡಿ.

ಏನನ್ನಾದರೂ ಕಟ್ಟುವ ಮೊದಲು ಎರಡು ಬಕೆಟ್ಟುಗಳಲ್ಲಿ ಒಂದು ಪ್ರಯೋಗ ಮಾಡಿ. ಬೋರ್‌ವೆಲ್ ಪಂಪನ್ನು ಹತ್ತು ನಿಮಿಷ ಓಡಿಸಿದ ಮೇಲೆ ಹತ್ತು ಲೀಟರ್ ನೀರು ಹಿಡಿದು, ಅಂಗಳದಲ್ಲಿ ನಿಂತು ಚಹಾ ಆರಿಸುವ ಹಾಗೆ ಒಂದು ಬಕೆಟ್ಟಿನಿಂದ ಇನ್ನೊಂದಕ್ಕೆ ಎತ್ತರದಿಂದ ಇಪ್ಪತ್ತೈದು ಮೂವತ್ತು ಸಲ ಹೊಯ್ಯಿರಿ. ಪಿಎಚ್ ಪಟ್ಟಿ ಇದ್ದರೆ ಮೊದಲೂ ಆಮೇಲೂ ನೋಡಿ. ತೆಳು ಬಟ್ಟೆ ಮುಚ್ಚಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಅಲುಗಿಸದೆ ಮೇಲಿನ ನೀರನ್ನು ದಪ್ಪ ಹತ್ತಿಯ ಮೂಲಕ ನಿಧಾನವಾಗಿ ಸೋಸಿ. ಸೋಸಿದ ನೀರಿಗೆ ಗಟ್ಟಿ ಚಹಾ ಡಿಕಾಕ್ಷನ್ ಕೆಲವು ಚಮಚ ಹಾಕಿ, ಪಕ್ಕದಲ್ಲಿ ಮಳೆನೀರಿಗೋ ಬಾಟಲಿ ನೀರಿಗೋ ಅಷ್ಟೇ ಹಾಕಿ ಹೋಲಿಸಿ. ಎರಡೂ ಒಂದೇ ಬಣ್ಣದಲ್ಲಿದ್ದರೆ ಗಾಳಿಯ ವಿಧಾನ ನಿಮ್ಮ ನೀರಿಗೆ ಒಗ್ಗುತ್ತದೆ. ಆಗ ಸೋಸಿದ ನೀರನ್ನು ಆಮ್ಲ ಹಾಕಿದ ಸೀಸೆಯಲ್ಲಿ ಪ್ರಯೋಗಾಲಯಕ್ಕೆ ಕೊಟ್ಟು ಅಂಕಿಯನ್ನು ಖಚಿತಪಡಿಸಿಕೊಳ್ಳಿ. ಕಪ್ಪಾದರೆ ಕಟ್ಟುವ ಖರ್ಚಿಗೆ ಇಳಿಯಬೇಡಿ, ಆ ಸಂದರ್ಭಕ್ಕೆ ಬೇರೆ ದಾರಿಯನ್ನು ಮುಂದೆ ಹೇಳಿದ್ದೇನೆ.

ಮನೆಗೆಲ್ಲ ಬೇಕಾದ ನೀರನ್ನು ಒಮ್ಮೆಗೇ ಸರಿಪಡಿಸಲು ಹೋಗಬೇಡಿ. ಐದು ಜನರಿಗೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 40ರಿಂದ 50 ಲೀಟರ್ ಸಾಕು. ಅದಕ್ಕೆ ಆಹಾರ ಪದಾರ್ಥ ತುಂಬಿದ್ದ 200 ಲೀಟರಿನ ಮೂರು ಪ್ಲಾಸ್ಟಿಕ್ ಡ್ರಮ್ಮುಗಳು ಬೇಕು. ರಾಸಾಯನಿಕ ತುಂಬಿದ್ದ ಡ್ರಮ್ಮುಗಳನ್ನು ಎಷ್ಟು ತೊಳೆದರೂ ಬಳಸಬಾರದು. ಎರಡು ಡ್ರಮ್ಮುಗಳು ನೀರು ನಿಲ್ಲಿಸಲು, ಒಂದು ಮರಳಿಗೆ.

ಗಾಳಿಯಾಡಿಸಲು ತೂತು ಕೊರೆದ ಮೂರು ನಾಲ್ಕು ಪ್ಲಾಸ್ಟಿಕ್ ತಟ್ಟೆಗಳನ್ನು ಒಂದರ ಮೇಲೊಂದು, ನಡುವೆ ಒಂದು ಅಡಿ ಅಂತರವಿರುವಂತೆ, ನಾಲ್ಕೂ ಕಡೆ ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ. ಪ್ರತಿ ತಟ್ಟೆಯಲ್ಲಿ ನಾಲ್ಕೈದು ಅಂಗುಲ ದಪ್ಪಕ್ಕೆ ತೊಳೆದ 40 ಮಿಲಿಮೀಟರ್ ಜಲ್ಲಿ ಹರಡಿ. ನೀರು ಜಲ್ಲಿಯ ಮೇಲೆ ತೆಳುವಾಗಿ ಹರಡಿಕೊಂಡು, ಹನಿಹನಿಯಾಗಿ ಕೆಳಗಿನ ತಟ್ಟೆಗೆ ಬೀಳಬೇಕು. ಪಂಪಿನ ಒತ್ತಡಕ್ಕೆ ನೇರ ಬಿಟ್ಟರೆ ಧಾರೆಯಾಗಿ ಸುರಿದುಹೋಗುತ್ತದೆ, ಆದ್ದರಿಂದ ಒಂದು ವಾಲ್ವ್ ಇಟ್ಟು, ಡ್ರಮ್ ತುಂಬಲು ಅರ್ಧ ಗಂಟೆ ಹಿಡಿಯುವಷ್ಟು ಸಣ್ಣದಾಗಿ ಬಿಡಿ. ಕೆಲವು ವಾರಗಳಲ್ಲಿ ಜಲ್ಲಿ ಕೆಂಪಾಗುತ್ತದೆ. ಅದನ್ನು ಕಂಡು ತಕ್ಷಣ ಉಜ್ಜಿ ತೊಳೆಯಬೇಡಿ. ಕಲ್ಲಿಗೆ ಅಂಟಿದ ತುಕ್ಕಿನ ತೆಳು ಪದರ ಹೊಸ ಕಬ್ಬಿಣವನ್ನು ಹಿಡಿದು ಬೇಗ ತುಕ್ಕಾಗಿಸುತ್ತದೆ. ತೂತುಗಳು ಕಟ್ಟಿದರೆ ಮಾತ್ರ ತೊಳೆಯಿರಿ.

ತಟ್ಟೆಯಿಂದ ಇಳಿದ ನೀರನ್ನು ಮೊದಲ ಡ್ರಮ್ಮಿನಲ್ಲಿ ಸಂಜೆ ತುಂಬಿ ಮರುದಿನ ಬೆಳಿಗ್ಗೆವರೆಗೆ ಬಿಡಿ, ಎರಡನೆಯದನ್ನು ಅದು ಖಾಲಿಯಾಗುತ್ತಿರುವಾಗ ತುಂಬಿ. ಇಷ್ಟು ಹೊತ್ತು ಏಕೆಂದರೆ, ಕಬ್ಬಿಣ ತುಕ್ಕಾಗುವಾಗ ತಾನೇ ಒಂದಿಷ್ಟು ಆಮ್ಲ ಹುಟ್ಟಿಸಿ, ಏರಿದ ಪಿಎಚ್ ಅನ್ನು ಮತ್ತೆ ಸ್ವಲ್ಪ ಇಳಿಸುತ್ತದೆ. ಒಂದು ಮಿಲಿಗ್ರಾಂ ಕಬ್ಬಿಣಕ್ಕೆ 1.8ರಂತೆ ನಿಮ್ಮ ನೀರಿನ ಕ್ಷಾರೀಯತೆಯಲ್ಲಿ 11 ಖರ್ಚಾಗುತ್ತದೆ. 74ರಲ್ಲಿ 63 ಉಳಿಯುವುದರಿಂದ ನಿಮಗೆ ಚಿಂತೆಯಿಲ್ಲ, ಆದರೆ ಪಿಎಚ್ 6.6ರವರೆಗೆ ಜಾರಬಹುದು. ಆ ಹಂತದಲ್ಲಿ ಕಬ್ಬಿಣ ಅರ್ಧಕ್ಕಿಳಿಯಲು ಅರ್ಧ ಗಂಟೆ ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. 6ರಿಂದ 3, 1.5, 0.75, 0.37, ಕೊನೆಗೆ 0.2ರ ಹತ್ತಿರ, ಹೀಗೆ ಐದು ಸಲ ಅರ್ಧವಾಗಲು ಎರಡೂವರೆ ಗಂಟೆ ಬೇಕು. ಉಳಿದ ರಾತ್ರಿಯೆಲ್ಲ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗಿ ತಳ ಸೇರಲು. ನಲ್ಲಿಯನ್ನು ತಳದಿಂದ ಒಂದು ಗೇಣು ಮೇಲೆ ಕೂರಿಸಿ, ತೀರಾ ತಳದಲ್ಲಿ ಮಡ್ಡಿ ಬಿಡಲು ಬೇರೆ ವಾಲ್ವ್ ಇಡಿ. ವಾರಕ್ಕೊಮ್ಮೆ ಮಡ್ಡಿ ತೆಗೆದು ಚರಂಡಿಗೆ ಬಿಡದೆ ತೆಂಗಿನ ಬುಡಕ್ಕೆ ಹಾಕಬಹುದು.

ಎಷ್ಟು ಹೊತ್ತು ನಿಂತರೂ ಅತಿ ಸಣ್ಣ ಕಣಗಳು ತೇಲುತ್ತಲೇ ಇರುತ್ತವೆ, ಆದ್ದರಿಂದ ಮರಳು ಬಿಟ್ಟು ಈ ವ್ಯವಸ್ಥೆ ಪೂರ್ಣವಾಗದು. ಮೂರನೆಯ ಡ್ರಮ್ಮಿನ ತಳದಲ್ಲಿ ಅರ್ಧ ಅಡಿ ಜಲ್ಲಿ, ದಪ್ಪದ್ದು ಕೆಳಗೆ, ಸಣ್ಣದು ಮೇಲೆ. ಅದರ ಮೇಲೆ ಒಂದೂಮುಕ್ಕಾಲು ಅಡಿ ಮರಳು. ಮರಳಿನ ಕಾಳು ಅರ್ಧದಿಂದ ಒಂದು ಮಿಲಿಮೀಟರ್ ಇರಲಿ, ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಎಂ-ಸ್ಯಾಂಡ್ ಆದರೆ ಅದರ ಪುಡಿ ಹೋಗಲು ಇನ್ನೂ ಹೆಚ್ಚು ಸಲ ತೊಳೆಯಬೇಕು. ಸಮುದ್ರದ ಮರಳು ಬೇಡ. ಹೊರಹೋಗುವ ಪೈಪನ್ನು ತಳದಿಂದ ಹೊರಟು ಮೇಲಕ್ಕೆ ಬಾಗಿಸಿ, ಮರಳಿಗಿಂತ ಎರಡು ಅಂಗುಲ ಎತ್ತರದಲ್ಲಿ ಬಾಯಿ ಇರುವಂತೆ ಮಾಡಿದರೆ ಮರಳು ಎಂದೂ ಒಣಗುವುದಿಲ್ಲ. 15 ಲೀಟರ್ ಬಕೆಟ್ ತುಂಬಲು ಹತ್ತು ನಿಮಿಷ ಹಿಡಿಯುವ ವೇಗ ಸರಿಯಾದುದು. ಮೊದಲ ವಾರದ ನೀರನ್ನು ಗಿಡಗಳಿಗೆ ಹಾಕಿ, ಮರಳಿನ ಕಾಳುಗಳಿಗೂ ತುಕ್ಕಿನ ಪದರ ಹಿಡಿದ ಮೇಲೆ ಸೋಸುವಿಕೆ ಉತ್ತಮಗೊಳ್ಳುತ್ತದೆ. ಹರಿವು ಅರ್ಧಕ್ಕಿಳಿದಾಗ ಮೇಲಿನ ಒಂದು ಅಂಗುಲ ಮರಳನ್ನು ಕೆರೆದು ತೊಳೆದು ವಾಪಸು ಹಾಕಿ.

ಮುಂದೆ ಎಂದಾದರೂ ನೀರು ಕೆಟ್ಟರೆ ದೋಷ ಎಲ್ಲಿದೆ ಎಂದು ಗಾಜಿನ ಲೋಟದಲ್ಲೇ ತಿಳಿಯಬಹುದು. ಮರಳಿನಿಂದ ಬಂದ ನೀರು ಆಗಲೇ ಮಬ್ಬಾಗಿದ್ದರೆ ಕಬ್ಬಿಣ ತುಕ್ಕಾಗಿದೆ, ಮರಳು ಅದನ್ನು ತಡೆಯುತ್ತಿಲ್ಲ ಎಂದರ್ಥ. ವೇಗ ಹೆಚ್ಚಿರಬಹುದು ಅಥವಾ ಮರಳಿನಲ್ಲಿ ಬಿರುಕಿನ ದಾರಿ ಆಗಿರಬಹುದು. ಬರುವಾಗ ತಿಳಿಯಾಗಿದ್ದು ಮರುದಿನ ಹಳದಿಯಾದರೆ ಕರಗಿದ ಕಬ್ಬಿಣವೇ ದಾಟಿ ಬರುತ್ತಿದೆ, ದೋಷ ತಟ್ಟೆಗಳಲ್ಲೋ ನಿಲ್ಲಿಸುವ ಸಮಯದಲ್ಲೋ ಇದೆ. ಆಗ ಮರಳು ಬದಲಾಯಿಸಿ ಪ್ರಯೋಜನವಿಲ್ಲ. ಜಲ್ಲಿಯ ಮೇಲೆ ಲೋಳೆಯಂಥ ಕಿತ್ತಳೆ ಪದಾರ್ಥ ಬೆಳೆದು ವಾಸನೆ ಬಂದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ. ತಟ್ಟೆ ಜಲ್ಲಿಗಳನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ನೆನೆಸಿ ಚೆನ್ನಾಗಿ ತೊಳೆದು ಮತ್ತೆ ಬಳಸಿ.

ಬಕೆಟ್ ಪ್ರಯೋಗದಲ್ಲಿ ಚಹಾ ಕಪ್ಪಾದರೆ ಗಾಳಿಗೆ ಕ್ಲೋರಿನ್ ನೆರವು ಬೇಕಾಗುತ್ತದೆ. ಕಡಿಮೆ ಪಿಎಚ್‌ನಲ್ಲಿಯೂ ಅದು ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ನಿಮ್ಮ 200 ಲೀಟರಿನಲ್ಲಿ ಸುಮಾರು 1.2 ಗ್ರಾಂ ಕಬ್ಬಿಣವಿದೆ, ಅದಕ್ಕೆ ಮುಕ್ಕಾಲು ಗ್ರಾಂ ಕ್ಲೋರಿನ್, ಅಂದರೆ ಶೇಕಡಾ 25ರ ಬ್ಲೀಚಿಂಗ್ ಪೌಡರ್ ಸುಮಾರು 3 ಗ್ರಾಂ ಬೇಕು. ತೆರೆದಿಟ್ಟ ಪೌಡರಿನ ಬಲ ದಿನದಿನಕ್ಕೆ ಇಳಿಯುತ್ತದೆ, ಹೆಚ್ಚಾದರೆ ವಾಸನೆ ಉಳಿಯುತ್ತದೆ. ಪ್ರತಿ ಸಲವೂ ತೂಗಿ ಹಾಕಬೇಕಾದ ಈ ಶಿಸ್ತು ಮನೆಗಳಲ್ಲಿ ಬಹುಕಾಲ ನಡೆಯುವುದನ್ನು ನಾನು ಕಂಡಿಲ್ಲ, ಆದ್ದರಿಂದ ಇದನ್ನು ಎರಡನೆಯ ಆಯ್ಕೆಯಾಗಿಯೇ ಇಡುತ್ತೇನೆ. ಮ್ಯಾಂಗನೀಸ್ 0.1ಕ್ಕಿಂತ ಹೆಚ್ಚಿದ್ದಿದ್ದರೆ ನನ್ನ ಉತ್ತರವೇ ಬೇರೆಯಾಗುತ್ತಿತ್ತು, ಏಕೆಂದರೆ ಬರಿಯ ಗಾಳಿಗೆ ಅದು ಈ ಪಿಎಚ್‌ನಲ್ಲಿ ಬಗ್ಗುವುದಿಲ್ಲ. ನಿಮ್ಮ 0.08 ಮಿತಿಯ ಅಂಚಿನಲ್ಲಿದೆ, ಬೇಸಿಗೆಯ ಕೊನೆಯಲ್ಲಿ ಇನ್ನೊಮ್ಮೆ ಪರೀಕ್ಷಿಸಿ.

ಆರ್‌ಒ ಯಂತ್ರಕ್ಕೆ ಈ ನೀರನ್ನು ನೇರವಾಗಿ ಕೊಟ್ಟರೆ ಅದರ ಪೊರೆಯ ಮೇಲೆಯೇ ಕಬ್ಬಿಣ ತುಕ್ಕಾಗಿ ಕೂತು ಬಹುಬೇಗ ಕಟ್ಟಿಕೊಳ್ಳುತ್ತದೆ. ಕಬ್ಬಿಣ ತೆಗೆದ ಮೇಲೆ, ನಿಮ್ಮ ವರದಿಯಲ್ಲಿ ಒಟ್ಟು ಕರಗಿದ ಲವಣಗಳು 500ಕ್ಕಿಂತ ಕಡಿಮೆ ಇದ್ದರೆ, ಆರ್‌ಒ ಅಗತ್ಯವೇ ಇಲ್ಲ. ಯುವಿ ಸಾಧನವೂ ಕಬ್ಬಿಣ ಹೋದ ಮೇಲಷ್ಟೇ ಉಪಯುಕ್ತ, ಅದರ ಗಾಜಿನ ಕೊಳವೆಗೆ ತುಕ್ಕಿನ ಪದರ ಹಿಡಿದರೆ ಬೆಳಕು ನೀರನ್ನು ತಲುಪುವುದಿಲ್ಲ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಆಳದಿಂದ ಮುಚ್ಚಿಕೊಂಡು ಬಂದ ನೀರನ್ನು ನಾವು ತೆರೆದ ತಟ್ಟೆಗಳ ಮೇಲೆ ಹರಿಸಿ, ರಾತ್ರಿಯಿಡೀ ನಿಲ್ಲಿಸುತ್ತಿದ್ದೇವೆ. ಧೂಳು, ಹಕ್ಕಿಯ ಹಿಕ್ಕೆ, ಸೊಳ್ಳೆಯ ಮೊಟ್ಟೆ ಎಲ್ಲಕ್ಕೂ ಅಲ್ಲಿ ಅವಕಾಶವಿದೆ. ತಟ್ಟೆಗಳ ಸುತ್ತ ಮತ್ತು ಡ್ರಮ್ಮುಗಳ ಬಾಯಿಗೆ ಗಾಳಿಯಾಡುವ ಸೊಳ್ಳೆಪರದೆ ಕಟ್ಟಿ, ಪ್ಲಾಸ್ಟಿಕ್ ಹಾಳೆ ಮುಚ್ಚಬೇಡಿ. ಈ ವ್ಯವಸ್ಥೆ ಕಬ್ಬಿಣವನ್ನು ತೆಗೆಯುತ್ತದೆ, ರೋಗಾಣುಗಳನ್ನಲ್ಲ. ಮಗಳಿಗೆ ಕೊಡುವ ನೀರನ್ನು ಮರಳಿನಿಂದ ಇಳಿದ ಮೇಲೆ ಚೆನ್ನಾಗಿ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ ಕೊಡಿ. ಮಳೆಗಾಲದಿಂದ ಫೆಬ್ರವರಿವರೆಗೆ ನಿಮ್ಮ ತೆರೆದ ಬಾವಿಯಲ್ಲಿ ನೀರಿದ್ದರೆ ಅದನ್ನೇ ಕುದಿಸಿ ಕುಡಿಯಿರಿ, ಬೋರ್‌ವೆಲ್ ನೀರಿನ ಈ ಏರ್ಪಾಡು ಬಾವಿ ಬತ್ತಿದ ತಿಂಗಳುಗಳಿಗೆ ಇರಲಿ. ನಡುವೆ ನಿಲ್ಲಿಸಿದ್ದ ಮರಳಿನ ಡ್ರಮ್ಮನ್ನು ಮತ್ತೆ ಆರಂಭಿಸುವಾಗ ಮರಳನ್ನು ಪೂರ್ತಿ ತೆಗೆದು ತೊಳೆದು, ಮತ್ತೆ ಒಂದು ವಾರದ ನೀರನ್ನು ಗಿಡಗಳಿಗೆ ಬಿಟ್ಟ ನಂತರವೇ ಅಡುಗೆಮನೆಗೆ ತನ್ನಿ.